ಬಾಲ್ಕನಿ ಗಿಡಗಳಿಗೆ ನೀರಿನ ರಿಮೈಂಡರ್: ನೀವು ಹೇಗೆ ಇಟ್ಟುಕೊಂಡಿದ್ದೀರಿ?

ಕೇಳಿದವರು: "ಬಾಲ್ಕನಿಯಲ್ಲಿ ಇಪ್ಪತ್ತು ಕುಂಡಗಳಿವೆ. ಪುದೀನಕ್ಕೆ ದಿನಾ ನೀರು ಬೇಕು, ಸ್ನೇಕ್ ಪ್ಲಾಂಟ್‌ಗೆ ಹದಿನೈದು ದಿನಕ್ಕೊಮ್ಮೆ ಸಾಕು. ಫೋನ್ ಕ್ಯಾಲೆಂಡರ್‌ನಲ್ಲಿ ಒಂದೊಂದಕ್ಕೂ ರಿಮೈಂಡರ್ ಇಟ್ಟೆ. ಬೇಸಿಗೆ ಮುಗಿದ ಮೇಲೆ ಲೆಕ್ಕವೆಲ್ಲ ತಪ್ಪಿತು. ಕಾಲಕ್ಕೆ ತಕ್ಕ ಹಾಗೆ ಬದಲಾಯಿಸುವುದು ಹೇಗೆ?"

ಹಸಿರುಬಾಗಿಲು: ಸುಲಭ ಇದೆ. ಚಳಿಗಾಲ ಬಂದಾಗ ಎಲ್ಲ ಗಿಡಗಳ ದಿನಗಳನ್ನೂ ಎರಡರಷ್ಟು ಮಾಡಿ. ಮಳೆಗಾಲದಲ್ಲಿ ರಿಮೈಂಡರ್ ಪೂರ್ತಿ ಆಫ್ ಮಾಡಿ. ನಾನು ಹಾಗೇ ಮಾಡೋದು.

ದಾಸವಾಳ: ಚಳಿಗಾಲದಲ್ಲಿ ಅಂತರ ಹೆಚ್ಚಬೇಕು ಅನ್ನೋದು ಬಹುತೇಕ ಸರಿ. ಆದರೆ ಮಳೆಗಾಲದಲ್ಲಿ ಪೂರ್ತಿ ಆಫ್ ಮಾಡಬೇಡಿ. ಬಾಲ್ಕನಿಗೆ ಮೇಲೆ ಚಾವಣಿ ಇರುತ್ತದೆ. ಮಳೆ ಹನಿ ಬೀಳುವುದು ಕಂಬಿ ಪಕ್ಕದ ಸಾಲಿಗೆ ಮಾತ್ರ. ಗೋಡೆ ಪಕ್ಕದ ಕುಂಡಗಳು ಜೋರು ಮಳೆಯಲ್ಲೂ ಒಣಗುತ್ತವೆ.

ಇನ್ನು ಕ್ಯಾಲೆಂಡರ್ ಯಾಕೆ ಕೈಕೊಡುತ್ತದೆ ಅಂದರೆ, ಅದು ತಾರೀಖು ಹಿಡಿದು ಎಣಿಸುತ್ತದೆ. ಮೂರು ದಿನಕ್ಕೊಮ್ಮೆ ಅಂತ ಇಟ್ಟಿದ್ದೀರಿ, ನೀರು ಹಾಕಿದ್ದು ಎರಡು ದಿನ ತಡವಾಗಿ ಅಂದುಕೊಳ್ಳಿ. ಮಾರನೇ ದಿನವೇ ಮತ್ತೆ "ನೀರು ಹಾಕಿ" ಅನ್ನುತ್ತದೆ. ನಮಗೆ ಬೇಕಿರೋದು ಕೊನೇ ಸಲ ನೀರು ಹಾಕಿದ ದಿನದಿಂದ ಎಣಿಸುವ ರಿಮೈಂಡರ್. Todoist ಬಳಸುವವರು `every! 3 days` ಅಂತ ಬರೆಯಬೇಕು. ಆ ಆಶ್ಚರ್ಯ ಚಿಹ್ನೆ ಇದ್ದರೆ ಕೆಲಸ ಮುಗಿಸಿ ಟಿಕ್ ಮಾಡಿದ ದಿನದಿಂದ ಎಣಿಕೆ ಶುರುವಾಗುತ್ತದೆ.

ಎರಡನೇದು, ರಿಮೈಂಡರ್‌ನಲ್ಲಿ "ನೀರು ಹಾಕು" ಅಂತ ಬರೆಯಬೇಡಿ, "ನೋಡು" ಅಂತ ಬರೆಯಿರಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಇಲ್ಲವಾದರೆ ಕುಂಡ ಎತ್ತಿ ನೋಡಿ. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿದ್ದರೆ ಆ ಭಾರ ಕೈಗೆ ನೆನಪಿರುತ್ತದೆ. ಎಲೆ ಬಾಡಿದ್ದನ್ನು ಮಾತ್ರ ನಂಬಬೇಡಿ. ನೀರು ಜಾಸ್ತಿಯಾಗಿ ಬೇರು ಕೊಳೆತರೂ ಎಲೆ ಬಾಡುತ್ತದೆ.

ಮಣ್ಣು ಇನ್ನೂ ಹಸಿ ಇದ್ದರೆ ಟಿಕ್ ಮಾಡದೆ ಒಂದು ದಿನ ಮುಂದೂಡಿ. ಇದು ಮುಖ್ಯ. ನೀರು ಹಾಕದೆ ಟಿಕ್ ಮಾಡಿದರೆ ಎಣಿಕೆ ಮೊದಲಿಂದ ಶುರುವಾಗಿ ಗಿಡ ಒಣಗುತ್ತದೆ.

ನಮ್ಮ ದಾಸವಾಳದ್ದೇ ಹೇಳ್ತೀನಿ. ಬೇಸಿಗೆಯಲ್ಲಿ ಅದಕ್ಕೆ ದಿನಾ ನೀರು. ಬಿಸಿಲು ಇಳಿಯುತ್ತಿದ್ದ ಹಾಗೆ ರಿಮೈಂಡರ್ ಬಂದಾಗ ಕುಂಡ ಇನ್ನೂ ಭಾರವಾಗಿರುತ್ತದೆ, ಮುಂದೂಡುತ್ತೇನೆ. ಮಾರನೇ ದಿನ ನೀರು ಹಾಕುತ್ತೇನೆ. ಮುಂದಿನ ಸಲವೂ ಹೀಗೇ. ಸತತ ಮೂರು ಸಲ ಮುಂದೂಡಬೇಕಾಗಿ ಬಂದರೆ ಅಂತರವನ್ನು ಎರಡು ದಿನ ಮಾಡುತ್ತೇನೆ. ರಿಮೈಂಡರ್‌ಗೆ ಮೊದಲೇ ಮಣ್ಣು ಒಣಗಿದ್ದರೆ ಒಂದು ದಿನ ಕಡಿಮೆ. ಕಾಲ ಯಾವಾಗ ಬದಲಾಯ್ತು ಅಂತ ಗಿಡವೇ ಹೇಳುತ್ತದೆ, ನಾವು ತಾರೀಖು ನೋಡಬೇಕಿಲ್ಲ.

ಪ್ರವಾಸಿ: ಟೈಮರ್ ಇರುವ ಡ್ರಿಪ್ ಹಾಕಿಸಿಬಿಡಿ. ವಾರಗಟ್ಟಲೆ ಊರಿಗೆ ಹೋದರೂ ಚಿಂತೆ ಇಲ್ಲ. ಹೋಗುವ ಮೊದಲು ಒಂದೆರಡು ದಿನ ಓಡಿಸಿ, ನೀರು ಎಲ್ಲ ಕುಂಡಕ್ಕೂ ಬೀಳುತ್ತಿದೆಯಾ ನೋಡಿ.

ದಾಸವಾಳ: ಅವರು ಊರಿಗೆ ಹೋಗುವ ವಿಷಯ ಕೇಳಿಲ್ಲ ಅಲ್ವಾ? ಒಂದೇ ಟೈಮರ್ ಆದರೆ ಪುದೀನಕ್ಕೂ ಸ್ನೇಕ್ ಪ್ಲಾಂಟ್‌ಗೂ ಒಂದೇ ದಿನ ನೀರು ಬೀಳುತ್ತದೆ. ಡ್ರಿಪ್ಪರ್ ಬದಲಿಸಿ ಪ್ರಮಾಣ ಕಡಿಮೆ ಮಾಡಬಹುದು, ಅಂತರ ಬದಲಾಗಲ್ಲ.

ಲೆಕ್ಕದಹಾಳೆ: ಇಪ್ಪತ್ತು ಕುಂಡಕ್ಕೆ ನನಗೆ ಶೀಟ್ ಅನುಕೂಲ. A ಕಾಲಂನಲ್ಲಿ ಗಿಡದ ಹೆಸರು, B ಯಲ್ಲಿ ಕೊನೇ ಸಲ ನೀರು ಹಾಕಿದ ದಿನ, C, D, E ಗಳಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲದ ಅಂತರ. H1 ರಲ್ಲಿ ಈಗಿನ ಕಾಲಕ್ಕೆ 1, 2 ಅಥವಾ 3. ಮುಂದಿನ ದಿನ ಹೀಗೆ ಬರುತ್ತದೆ:

```
=B2+CHOOSE($H$1,C2,D2,E2)
```

ಎಲ್ಲವನ್ನೂ ಎರಡರಷ್ಟು ಮಾಡುವ ಬದಲು ಮೂರು ಕಾಲಂ ಯಾಕೆ ಅಂದರೆ, ಎಲ್ಲ ಗಿಡವೂ ಒಂದೇ ರೀತಿ ಬದಲಾಗಲ್ಲ. ನಮ್ಮಲ್ಲಿ ಪುದೀನ 1, 2, 2. ಸ್ನೇಕ್ ಪ್ಲಾಂಟ್ 14, 21, 30.

ತೆಂಕಣಗಾಳಿ: ನಮ್ಮ ಬಾಲ್ಕನಿ ದಕ್ಷಿಣಕ್ಕಿದೆ, ನಮ್ಮಲ್ಲಿ ಉಲ್ಟಾ. ಬೇಸಿಗೆಯಲ್ಲಿ ಸೂರ್ಯ ನೆತ್ತಿ ಮೇಲಿರುವುದರಿಂದ ಚಾವಣಿ ನೆರಳು ಬೀಳುತ್ತದೆ. ಚಳಿಗಾಲದಲ್ಲಿ ಸೂರ್ಯ ತಗ್ಗಿ ಬಿಸಿಲು ಗೋಡೆವರೆಗೂ ಬರುತ್ತದೆ. ಗೋಡೆ ಪಕ್ಕದ ಟೊಮೆಟೊ ಆಗಲೇ ಬೇಗ ಒಣಗೋದು. ಹಾಗಾಗಿ H1 ರಲ್ಲಿ 3 ಅಂತ ಹಾಕಿದರೆ ನಮಗೆ ಸರಿಹೋಗಲ್ಲ.

ಲೆಕ್ಕದಹಾಳೆ: ಹಾಗಿದ್ದರೆ ಆ ಸಾಲಿನ E ಯಲ್ಲಿ ಸಣ್ಣ ಸಂಖ್ಯೆ ಹಾಕಿ, ಅಷ್ಟೇ. ಆದರೆ ಕಾಲ ಬದಲಾಗುವ ಎರಡು ಮೂರು ವಾರ ಶೀಟ್ ಎಡವುತ್ತದೆ, ಅದು ನಿಜ. ಆಗ ದಾಸವಾಳ ಅವರು ಹೇಳಿದ ಮುಂದೂಡುವ ಕ್ರಮವೇ ವಾಸಿ.

ಕೇಳಿದವರು: ಇವತ್ತೇ ಎಲ್ಲದರಲ್ಲೂ "ನೋಡು" ಅಂತ ಬದಲಾಯಿಸಿದೆ. ಒಂದು ಉಳಿದಿದೆ. ಅರ್ಧ ಕುಂಡಗಳಲ್ಲಿ ಕೋಕೋಪೀಟ್ ಜಾಸ್ತಿ. ಮೇಲೆ ಪೂರ್ತಿ ಒಣಗಿದ ಹಾಗೆ ಕಾಣುತ್ತದೆ, ಬೆರಳಿಟ್ಟರೆ ಒಳಗೆ ಹಸಿ. ತೂಗುವ ಕುಂಡಗಳನ್ನು ಎತ್ತಿ ನೋಡಬಹುದು, ಎತ್ತಲಾಗದ ದೊಡ್ಡ ಕುಂಡದ ತಳ ಒಣಗಿದೆಯಾ ಅಂತ ಯಾರು ಹೇಗೆ ನೋಡ್ತೀರಿ?