ಒಂಬತ್ತು ದಿನ ನೆಟ್ ಇಲ್ಲ, ಬಿಲ್ ಮಾತ್ರ ಪೂರ್ತಿ: ಕಡಿತ ಕೇಳಿ ಪತ್ರ ಬರೆಯುವುದು ಹೇಗೆ?

ಪ್ರಶ್ನೆ (ಚಿಂತಾಮಣಿ)

ನಮ್ಮ ಬೀದಿಯಲ್ಲಿ ಯುಜಿಡಿ ಕೆಲಸಕ್ಕೆ ರಸ್ತೆ ಅಗೆದಾಗ ಫೈಬರ್ ತುಂಡಾಯಿತು. ಜೂನ್ 3ಕ್ಕೆ ಕಂಪ್ಲೇಂಟ್ ಕೊಟ್ಟೆ. 5ಕ್ಕೆ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು, ಆದರೆ ಲೈನ್ ಬಂದಿರಲಿಲ್ಲ. 6ಕ್ಕೆ ಮತ್ತೆ ಕಂಪ್ಲೇಂಟ್. ಕೊನೆಗೆ 12ಕ್ಕೆ ಸರಿ ಮಾಡಿದರು. ಅಲ್ಲಿಂದ ಈಚೆಗೆ ಸ್ಪೀಡ್ ಇಲ್ಲ, 100 ಎಂಬಿಪಿಎಸ್ ಪ್ಲಾನ್‌ನಲ್ಲಿ 12, 15 ಬಂದರೆ ಹೆಚ್ಚು. ತಿಂಗಳ ಬಾಡಿಗೆ 699, ಜಿಎಸ್‌ಟಿ ಬೇರೆ. ಬಿಲ್ ಪೂರ್ತಿ ಬಂದಿದೆ. ಬಿಲ್ ಕಟ್ಟದೆ ಬಿಟ್ಟುಬಿಡಲಾ? ಪತ್ರ ಬರೆದರೆ ಏನಂತ ಬರೆಯಬೇಕು?

ಉತ್ತರ (ತುಮಕೂರು, ಇಂಟರ್ನೆಟ್ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದವರು)

ಮೇಡಂ, ಬಿಲ್ ನಿಲ್ಲಿಸಬೇಡಿ. ನಿಲ್ಲಿಸಿದರೆ ಸಿಸ್ಟಂ ತಾನೇ ಲೈನ್ ಕಟ್ ಮಾಡುತ್ತದೆ, ಲೇಟ್ ಫೀ ಹಾಕುತ್ತದೆ. ಆಮೇಲೆ ಮಾತು ‘ನೀವು ಬಾಕಿ ಇಟ್ಟಿದ್ದೀರಿ’ ಅನ್ನುವುದರ ಮೇಲೆ ಹೋಗುತ್ತದೆ, ನಿಮ್ಮ ಒಂಬತ್ತು ದಿನ ಮರೆತೇ ಹೋಗುತ್ತದೆ. ‘ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇನೆ’ ಅಂತ ಒಂದು ಮೇಲ್ ಹಾಕಿ, ಕಟ್ಟಿಬಿಡಿ.

ನಿಮ್ಮ ವಿಷಯದಲ್ಲಿ ದುಡ್ಡು ಇರುವುದು 5ನೇ ತಾರೀಖಿನ ಆ ಸುಳ್ಳು ಮೆಸೇಜ್‌ನಲ್ಲಿ. ಯಾಕೆ ಅಂತ ಹೇಳುತ್ತೇನೆ.

ಬ್ರಾಡ್‌ಬ್ಯಾಂಡ್‌ಗೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2006ರಲ್ಲಿ ಮಾಡಿದ ನಿಯಮದಲ್ಲಿ ಒಂದು ಮೆಟ್ಟಿಲು ಲೆಕ್ಕ ಇತ್ತು. ದೂರು ಕೊಟ್ಟ ಮೇಲೆ 3 ಕೆಲಸದ ದಿನ ದಾಟಿದರೆ 7 ದಿನದ ಬಾಡಿಗೆ ವಾಪಸ್. 7 ದಾಟಿದರೆ 15 ದಿನದ್ದು. 15 ದಾಟಿದರೆ ಒಂದು ತಿಂಗಳದ್ದು. 2024ರ ಅಕ್ಟೋಬರ್ 1ರಿಂದ ಹೊಸ ಗುಣಮಟ್ಟ ನಿಯಮ ಬಂತು. ಅದರಲ್ಲೂ 3 ದಿನ ದಾಟಿದರೆ ಪರಿಹಾರ ಅನ್ನುವುದು ಇದೆ, ಪ್ರೀಪೇಯ್ಡ್‌ನವರಿಗೂ ಸೇರಿಸಿ. ಅಂದರೆ ಕಂಪನಿ ಕೊಡುವುದು ನೆಟ್ ಇಲ್ಲದ ದಿನಕ್ಕಷ್ಟೇ ಅಲ್ಲ, ಮೆಟ್ಟಿಲಿನ ಪ್ರಕಾರ.

ಈಗ ನಿಮ್ಮ ಲೆಕ್ಕ. 699ನ್ನು 30ರಿಂದ ಭಾಗಿಸಿದರೆ ದಿನಕ್ಕೆ 23.30. 3ರಿಂದ 12ರವರೆಗೆ ಒಂದೇ ದೂರು ಅಂತ ಎಣಿಸಿದರೆ 9 ದಿನ. ಮಧ್ಯೆ ಒಂದು ಭಾನುವಾರ ತೆಗೆದರೂ 8. ಏಳು ದಾಟಿತು, 15 ದಿನದ ಬಾಡಿಗೆ 349.50. ಅದರ ಮೇಲೆ ಕಟ್ಟಿದ 18% ಜಿಎಸ್‌ಟಿ 62.91 ಸೇರಿಸಿದರೆ 412.41.

ಕಂಪನಿಯ ಕಂಪ್ಯೂಟರ್‌ನಲ್ಲಿ ಏನಿದೆ ಗೊತ್ತಾ? ಎರಡು ಬೇರೆ ಬೇರೆ ದೂರು. ಮೊದಲನೆಯದು 3ರಿಂದ 5, ಎರಡೇ ದಿನ, ಪರಿಹಾರ ಸೊನ್ನೆ. ಎರಡನೆಯದು 6ರಿಂದ 12, ಆರು ದಿನ, ಅದಕ್ಕೆ 7 ದಿನದ ಬಾಡಿಗೆ 163.10, ಜಿಎಸ್‌ಟಿ ಸೇರಿ 192.46. ಲೈನ್‌ಮ್ಯಾನ್ ಆಫೀಸಿನ ಒತ್ತಡಕ್ಕೆ ಟಿಕೆಟ್ ಮುಚ್ಚಿ, ಮತ್ತೆ ತೆರೆಯುವುದು ಮಾಮೂಲಿ. ನಮ್ಮ ಟೀಮಿನಲ್ಲೂ ನೋಡಿದ್ದೇನೆ. ಯಾರೂ ಬೇಕಂತಲೇ ಗ್ರಾಹಕನಿಗೆ ಮೋಸ ಮಾಡಲು ಮಾಡುವುದಲ್ಲ, ತಿಂಗಳ ರಿಪೋರ್ಟ್ ಚೆನ್ನಾಗಿ ಕಾಣಲಿ ಅಂತ. ನಷ್ಟ ಮಾತ್ರ ನಿಮ್ಮದು.

ಹಾಗಾಗಿ ಪತ್ರದ ಒಂದೇ ಕೆಲಸ: ಎರಡು ದೂರನ್ನು ಒಂದೇ ದೋಷ ಅಂತ ಸಾಬೀತು ಮಾಡುವುದು. ಅದಕ್ಕೆ ನಿಮ್ಮ ಖಾತೆಯ ಯೂಸೇಜ್ ಪುಟ ನೋಡಿ. ದಿನಕ್ಕೆ ಎಷ್ಟು ಡೇಟಾ ಬಳಸಿದ್ದೀರಿ ಅಂತ ಅದರಲ್ಲಿ ಇರುತ್ತದೆ. 3ರಿಂದ 12ರವರೆಗೆ ಸೊನ್ನೆ ಇದ್ದರೆ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ಬಿಲ್ಲಿಂಗ್ ತಿಂಗಳು ಬದಲಾದರೆ ಹಳೆಯದು ಸಿಗುವುದು ಕಷ್ಟ. ಲೈನ್‌ಮ್ಯಾನ್‌ಗೆ ಕಳಿಸಿದ ವಾಟ್ಸಾಪ್, ಮೋಡೆಮ್ ಮೇಲೆ ಕೆಂಪಗೆ ಉರಿಯುತ್ತಿದ್ದ LOS ದೀಪದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಆ ದೀಪ ಕೆಂಪು ಅಂದರೆ ಬೆಳಕೇ ಬರುತ್ತಿಲ್ಲ, ನಿಮ್ಮ ವೈಫೈ ದೋಷ ಅಂತ ಯಾರೂ ಹೇಳುವಂತಿಲ್ಲ.

ಸ್ಪೀಡ್ ವಿಷಯವನ್ನು ಇದರೊಳಗೆ ಬೆರೆಸಬೇಡಿ. ಮೇಲಿನ ಮೆಟ್ಟಿಲು ಲೈನ್ ಕೆಟ್ಟದ್ದಕ್ಕೆ. ನಿಧಾನ ಇದ್ದುದಕ್ಕೆ ಹಾಗೇ ಎಣಿಸಿ ಕೊಡುವುದಿಲ್ಲ, ಎರಡನ್ನೂ ಒಂದೇ ಪ್ಯಾರಾದಲ್ಲಿ ಬರೆದರೆ ಪೂರ್ತಿ ಪತ್ರವನ್ನೇ ‘ಸ್ಪೀಡ್ ದೂರು’ ಅಂತ ಹಾಕಿ ಪಕ್ಕಕ್ಕಿಡುತ್ತಾರೆ. ಅದಕ್ಕೆ ಬೇರೆ ದೂರು ಕೊಟ್ಟು ಬೇರೆ ನಂಬರ್ ತೆಗೆದುಕೊಳ್ಳಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ, ಬೇರೆಲ್ಲ ಆಫ್ ಮಾಡಿ ಟೆಸ್ಟ್ ಮಾಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮೂರೂ ಹೊತ್ತು 12, 15 ಬಂದರೆ ಸಂಜೆಯ ರಶ್ ಅಲ್ಲ, ಲೈನಿನದ್ದೇ ತೊಂದರೆ. ತುಂಡಾದ ಫೈಬರ್ ಜೋಡಿಸುವಾಗ ಸ್ಪ್ಲೈಸ್ ಸರಿ ಕೂರದಿದ್ದರೆ ಹೀಗಾಗುತ್ತದೆ. ಲೈನ್‌ಮ್ಯಾನ್ ಹತ್ತಿರ ಫೈಬರ್‌ನಲ್ಲಿ ಬರುವ ಬೆಳಕು ಅಳೆಯುವ ಪವರ್ ಮೀಟರ್ ಇರುತ್ತದೆ, ಮನೆಯ ತುದಿಯಲ್ಲಿ ಹಿಡಿದು ತೋರಿಸಲು ಹೇಳಿ. ಮೈನಸ್ 27 ಡಿಬಿಎಂಗಿಂತ ಕೆಳಗೆ, ಅಂದರೆ ಮೈನಸ್ 29, 30 ಹಾಗೆ ಬಂದರೆ ಮತ್ತೆ ಜೋಡಿಸಲೇಬೇಕು.

ಪತ್ರ ಹೀಗಿರಲಿ. ಕೋಪ ಬೇಡ, ತಾರೀಖು ಸಾಕು.

> ಗ್ರಾಹಕ ದೂರು ಕೇಂದ್ರಕ್ಕೆ,
>
> ವಿಷಯ: ಜೂನ್ 3ರಿಂದ 12ರವರೆಗೆ ಸಂಪರ್ಕ ಇಲ್ಲದ್ದಕ್ಕೆ ಬಾಡಿಗೆ ಕಡಿತ. ಖಾತೆ ಸಂಖ್ಯೆ: ……
>
> ಜೂನ್ 3ರಂದು ನನ್ನ ಸಂಪರ್ಕ ಪೂರ್ತಿ ನಿಂತಿತು. ಅದೇ ದಿನ ದೂರು ಕೊಟ್ಟೆ, ಸಂಖ್ಯೆ ……. 5ರಂದು ಅದು ಪರಿಹಾರವಾಗಿದೆ ಎಂದು ಸಂದೇಶ ಬಂತು. ಆದರೆ ಸಂಪರ್ಕ ಬಂದಿರಲಿಲ್ಲ. 6ರಂದು ಅದೇ ದೋಷಕ್ಕೆ ಮತ್ತೆ ದೂರು ಕೊಟ್ಟೆ, ಸಂಖ್ಯೆ ……. 12ರಂದು ದುರಸ್ತಿ ಆಯಿತು.
>
> ಈ ನಡುವೆ ಒಂದು ದಿನವೂ ಸಂಪರ್ಕ ಇರಲಿಲ್ಲ. ನನ್ನ ಖಾತೆಯ ಡೇಟಾ ಬಳಕೆ ಪುಟದ ಚಿತ್ರ ಜೊತೆಗಿದೆ. ನಿಮ್ಮ ಸರ್ವರ್‌ನ ಲಾಗಿನ್ ದಾಖಲೆಯನ್ನೂ ಪರಿಶೀಲಿಸಿ. ಆದ್ದರಿಂದ ಎರಡೂ ದೂರುಗಳನ್ನು 3ರಿಂದ 12ರವರೆಗಿನ ಒಂದೇ ದೋಷವೆಂದು ಎಣಿಸಿ, ಟ್ರಾಯ್ ಗುಣಮಟ್ಟ ನಿಯಮದಂತೆ 15 ದಿನದ ಬಾಡಿಗೆ ₹349.50 ಮತ್ತು ಅದರ ಜಿಎಸ್‌ಟಿ ₹62.91, ಒಟ್ಟು ₹412.41 ಮುಂದಿನ ಬಿಲ್ಲಿನಲ್ಲಿ ಕಡಿತ ಮಾಡಬೇಕು.
>
> ಈ ತಿಂಗಳ ಬಿಲ್ಲನ್ನು ಆಕ್ಷೇಪ ಉಳಿಸಿಕೊಂಡು ಕಟ್ಟಿದ್ದೇನೆ. ಈ ಪತ್ರಕ್ಕೆ ದೂರು ಸಂಖ್ಯೆ ಮತ್ತು ಬರಹದಲ್ಲಿ ಉತ್ತರ ಕೊಡಿ.

ಮೇಲ್ ಕಳಿಸಿ, ಆ್ಯಪ್‌ನಲ್ಲೂ ಹಾಕಿ. ದೂರು ಸಂಖ್ಯೆ ಬರುವವರೆಗೆ ಬಿಡಬೇಡಿ. ಅದಿಲ್ಲದ ಪತ್ರ ಸುಮ್ನೆ ಕಾಗದ.

ಮಧುಗಿರಿಯಿಂದ ಒಬ್ಬರು

ಒಳ್ಳೆಯ ಉತ್ತರ ಸಾರ್. ಆದರೆ ದೂರು ಕೇಂದ್ರಕ್ಕೆ ಬರೆದರೆ ಏನೂ ಆಗಲ್ಲ, ನೇರವಾಗಿ ನೋಡಲ್ ಆಫೀಸರ್‌ಗೆ ಬರೆಯಬೇಕು. ಅಲ್ಲೂ ಆಗದಿದ್ದರೆ ಟ್ರಾಯ್‌ಗೆ ದೂರು ಕೊಟ್ಟರೆ ಅವರೇ ದುಡ್ಡು ಕೊಡಿಸುತ್ತಾರೆ.

ತುಮಕೂರು

ಮೇಲಿನವರಿಗೆ ಬರೆಯಬೇಕು ಅನ್ನುವುದು ಸರಿ, ಯಾರಿಗೆ ಅನ್ನುವುದು ಹಳೆಯ ಲೆಕ್ಕ. 2012ರ ದೂರು ನಿಯಮದಲ್ಲಿ ನೋಡಲ್ ಆಫೀಸರ್ ಹಂತ ತೆಗೆದರು. ಈಗ ಎರಡೇ ಮೆಟ್ಟಿಲು. ದೂರು ಕೇಂದ್ರ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಅವರ ಮೇಲ್ ವಿಳಾಸ ಕಂಪನಿ ವೆಬ್‌ಸೈಟ್‌ನಲ್ಲಿ ಇರಲೇಬೇಕು. ದೂರಿನ ಗಡುವು ಮುಗಿದ 30 ದಿನದೊಳಗೆ ಹಾಕಬೇಕು, ಫೀ ಇಲ್ಲ. ಅವರಿಗೆ ತೀರ್ಮಾನಕ್ಕೆ 39 ದಿನ. ಮೊದಲ ಮೆಟ್ಟಿಲು ಹತ್ತದೆ ಹೋದರೆ ವಾಪಸ್ ಕಳಿಸುತ್ತಾರೆ.

ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ನಿಯಮ ಮಾಡುವುದು ಅವರ ಕೆಲಸ.

ಮಾಲೂರಿನಿಂದ ಒಬ್ಬರು

ಅಣ್ಣ, ನನ್ನದೂ ಇದೇ ಗೋಳು. ಆದರೆ ನಮ್ಮ ಪರಿಸ್ಥಿತಿಯೇ ಬೇರೆ. ನಮ್ಮೂರಲ್ಲಿ ಲೋಕಲ್ ಕೇಬಲ್‌ನವರೇ ನೆಟ್ ಕೊಡುವುದು, ತಿಂಗಳಿಗೆ 500, ಬಿಲ್ ಇಲ್ಲ, ಒಂದು ಚೀಟಿ. ಪೋಲ್ ಬಿದ್ದು ವಾರ ನೆಟ್ ಇರಲಿಲ್ಲ. ಕೇಳಿದರೆ ‘ಮುಂದಿನ ತಿಂಗಳು ನೋಡೋಣ’ ಅಂತಾರೆ. ಮುಖ ನೋಡಿಕೊಂಡು ಇರಬೇಕಾದವರು, ಪತ್ರ ಬರೆಯಲು ಮನಸ್ಸಾಗಲ್ಲ. ಬರೆದರೂ ಯಾರಿಗೆ?

ತುಮಕೂರು

ಲೈಸೆನ್ಸ್ ಸಾಮಾನ್ಯವಾಗಿ ಕೇಬಲ್‌ನವರದ್ದಲ್ಲ, ಅವರ ಹಿಂದೆ ಒಂದು ಕಂಪನಿ ಇರುತ್ತದೆ. ರೀಚಾರ್ಜ್ ಆದಾಗ ಬರುವ ಮೆಸೇಜ್‌ನಲ್ಲಿ, ಇಲ್ಲವೇ ಲಾಗಿನ್ ಪುಟದಲ್ಲಿ ಹೆಸರು ಸಿಗುತ್ತದೆ. ಪತ್ರ ಅವರಿಗೇ. ಆದರೆ ನಿಮ್ಮಲ್ಲಿ ಕಷ್ಟ ಬೇರೆ ಇದೆ. ಫೋನ್‌ನಲ್ಲಿ ಹೇಳಿದ್ದಕ್ಕೆ ದೂರು ಸಂಖ್ಯೆ ಇಲ್ಲ ಅಂದರೆ ದಿನ ಎಣಿಸುವುದು ಎಲ್ಲಿಂದ? ವಾಟ್ಸಾಪ್ ಮೆಸೇಜ್ ತೋರಿಸಬಹುದು, ಒಪ್ಪುತ್ತಾರೋ ಇಲ್ಲವೋ ಕಂಪನಿ ಮೇಲೆ ಹೋಗುತ್ತದೆ. ಈಗಿನ ವಾರದ್ದನ್ನು ಅವರ ಹತ್ತಿರ ಮಾತಿನಲ್ಲೇ ಮುಗಿಸಿಕೊಳ್ಳಿ, ವ್ಯಾಲಿಡಿಟಿ ಒಂದು ವಾರ ಹೆಚ್ಚಿಸಿ ಅಂತ ಕೇಳಿ. ಅದನ್ನು ಅವರು ಕುಳಿತಲ್ಲೇ ಮಾಡಬಹುದು. ಮುಂದಿನ ಸಲ ಕಂಪನಿಯ ನಂಬರ್‌ಗೂ ದೂರು ಕೊಡಿ.

ಚಿಂತಾಮಣಿ

ತುಂಬಾ ಉಪಕಾರವಾಯಿತು ಸಾರ್. ಯೂಸೇಜ್ ಪುಟದಲ್ಲಿ 3ರಿಂದ 12 ಸೊನ್ನೆಯೇ ಇದೆ. ಆದರೆ ಕಸ್ಟಮರ್ ಕೇರ್‌ನವರು ‘ರಸ್ತೆ ಅಗೆದದ್ದು ನಗರಸಭೆಯವರು, ನಮ್ಮ ತಪ್ಪಲ್ಲ, ಕಡಿತ ಇಲ್ಲ’ ಅಂತಾರೆ.

ತುಮಕೂರು

ಫೈಬರ್ ಕತ್ತರಿಸಿದ್ದು ಯಾರು ಅನ್ನುವುದು ಅವರಿಗೂ ನಗರಸಭೆಗೂ ಇರುವ ಜಗಳ. ನೀವು ಕೇಳುತ್ತಿರುವುದು ಸರಿ ಮಾಡಲು ಹಿಡಿದ ದಿನಗಳಿಗೆ. ಪ್ರವಾಹ, ಭೂಕಂಪದಂಥದ್ದಕ್ಕೂ ಜೆಸಿಬಿಗೂ ವ್ಯತ್ಯಾಸ ಇದೆ. ಆದರೂ ಈ ವಾದ ಮೇಲ್ಮನವಿಯಲ್ಲೂ ಎತ್ತುತ್ತಾರೆ, ಎಲ್ಲ ಕಡೆ ಒಂದೇ ಥರ ತೀರ್ಮಾನ ಆಗುವುದನ್ನು ನಾನು ನೋಡಿಲ್ಲ. ಫೋನ್‌ನಲ್ಲಿ ಹೇಳಿದ ಕಾರಣವನ್ನು ಬರಹದಲ್ಲಿ ಕೊಡಲು ಹೇಳಿ. ಎಷ್ಟೋ ಸಲ ಬರಹದಲ್ಲಿ ಬರುವಾಗ ಆ ಕಾರಣವೇ ಇರುವುದಿಲ್ಲ.

ಶಿಡ್ಲಘಟ್ಟದಿಂದ ಒಬ್ಬರು

ನಾನೂರು ರೂಪಾಯಿಗೆ ಇಷ್ಟೆಲ್ಲ ಬೇಕಾ? ಕನೆಕ್ಷನ್ ಬದಲಾಯಿಸಿದರೆ ಮುಗಿಯಿತಲ್ವಾ?

ತುಮಕೂರು

ಬದಲಾಯಿಸಿ, ಬೇಡ ಅಂದವರಾರು? ಆದರೆ ಡೆಪಾಸಿಟ್ ವಾಪಸ್ ಬರುವ ಮುಂಚೆ ಈ ಲೆಕ್ಕವನ್ನೂ ಅದರಲ್ಲೇ ಸೇರಿಸಿ ಕೇಳಿ. ಮೇಲ್ಮನವಿಯಲ್ಲೂ ಆಗಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ದೂರು ಅಲ್ಲಿ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಫೀ ಇಲ್ಲ, ಓಡಾಟ ಮಾತ್ರ ಇದೆ. ನಾನಾದರೆ ಮೇಲ್ಮನವಿಯವರೆಗೆ ಖಂಡಿತ ಹೋಗುತ್ತೇನೆ, ಅದರಾಚೆ ಹೋಗುವುದು ನಿಮ್ಮ ಪುರುಸೊತ್ತಿಗೆ ಬಿಟ್ಟದ್ದು.

ಚಿಂತಾಮಣಿ

ಪತ್ರ ಹಾಕಿದೆ, ದೂರು ಸಂಖ್ಯೆ ಬಂತು. ಇವತ್ತು ಫೋನ್ ಮಾಡಿ ‘ಗುಡ್‌ವಿಲ್ ಅಂತ ನಾಲ್ಕು ದಿನದ್ದು ಕೊಡುತ್ತೇವೆ, ಒಪ್ಪಿಗೆ ಅಂತ ಮೇಲ್ ಮಾಡಿ’ ಅಂದರು. ಒಪ್ಪಲಾ?

ತುಮಕೂರು

ದುಡ್ಡು ತೆಗೆದುಕೊಳ್ಳಿ, ಒಪ್ಪಿಗೆ ಮಾತ್ರ ಹಾಗೆ ಕೊಡಬೇಡಿ. ‘ನಾಲ್ಕು ದಿನದ ₹93.20 ಮತ್ತು ಅದರ ಜಿಎಸ್‌ಟಿ ₹16.78 ಭಾಗಶಃ ಕಡಿತವಾಗಿ ಸ್ವೀಕರಿಸುತ್ತೇನೆ, ಉಳಿದ ₹302.43ರ ದೂರು ಮುಂದುವರಿಯುತ್ತದೆ’ ಅಂತ ಬರೆಯಿರಿ. ಟಿಕೆಟ್ ಮುಚ್ಚಿದ ಮೆಸೇಜ್ ಬಂದರೆ ಅದೇ ದಿನ ‘ಬಗೆಹರಿದಿಲ್ಲ’ ಅಂತ ಉತ್ತರ ಹಾಕಿ. ಸ್ಪೀಡ್‌ಗೆ ಪವರ್ ಮೀಟರ್ ಹಿಡಿಸಿದಿರಾ?

ಚಿಂತಾಮಣಿ

ನಾಳೆ ಬರುತ್ತಾರಂತೆ ಸಾರ್.