ನೀರಿನ ಲೆಕ್ಕ ತಪ್ಪಿದೆ, ಮಾಲೀಕರಿಗೆ ಪತ್ರ ಹೇಗೆ ಬರೆದಿರಿ?

ಕೇಳಿದವರು: ಎರಡು ತಿಂಗಳ ನೀರು ಮತ್ತು ಮೇಂಟೆನೆನ್ಸ್ ಲೆಕ್ಕದ ಹಾಳೆ ಬಂದಿದೆ. ಮೂರು ತಪ್ಪು ಕಾಣುತ್ತಿವೆ. ನಾನು ಬರುವ ಮುಂಚಿನ ದಿನಗಳೂ ಸೇರಿವೆ, ದರ ಜಾಸ್ತಿ ಹಾಕಿದ್ದಾರೆ, ಸಾಮಾನ್ಯ ಬಳಕೆಯ ನೀರೂ ಯಾಕೋ ಹೆಚ್ಚಾಗಿದೆ. ಮಾಲೀಕರು ವಯಸ್ಸಾದವರು, ಒಳ್ಳೆಯವರು. ಜಗಳದಂತೆ ಕಾಣದ ಹಾಗೆ ಬರೆಯಬೇಕು. ಬರೆದವರು ಇದ್ದೀರಾ?

ಎರಡನೇ ಮಹಡಿಯವಳು: ನಾನು ಬರೆದಿದ್ದೇನೆ, ನಾಲ್ಕು ಸಲ. ಮೊದಲ ಮೂರು ಹಾಳಾದವು. ಎಲ್ಲ ಸಿಟ್ಟನ್ನೂ ಒಂದೇ ಹಾಳೆಗೆ ಸುರಿದಿದ್ದೆ, ಲಿಫ್ಟಿನ ಬಲ್ಬನ್ನೂ ಬಿಟ್ಟಿರಲಿಲ್ಲ. ಅವರು ಬಲ್ಬಿಗೆ ಮಾತ್ರ ಉತ್ತರ ಕೊಟ್ಟು ಸುಮ್ಮನಾದರು! ನಾಲ್ಕನೇ ಪತ್ರ ಹೀಗಿತ್ತು:

"ಮಾನ್ಯರೇ, ನಮಸ್ಕಾರ. ಮಾರ್ಚ್, ಏಪ್ರಿಲ್ ತಿಂಗಳ ಲೆಕ್ಕದ ಹಾಳೆ ತಲುಪಿತು. ಅದರಲ್ಲಿ ಎರಡು ಕಡೆ ಲೆಕ್ಕ ತಪ್ಪಿದೆ ಅನ್ನಿಸುತ್ತಿದೆ, ದಯವಿಟ್ಟು ನೋಡಿ.

ಒಂದು, ನಮ್ಮ ಮನೆಯ ಮೀಟರಿನ ಆರಂಭದ ರೀಡಿಂಗ್ 398.0 ಎಂದು ಹಿಡಿದಿದ್ದೀರಿ. ಏಪ್ರಿಲ್ 1ರಂದು ಕೀಲಿ ಕೊಟ್ಟಾಗ ನಾವಿಬ್ಬರೂ ಸೇರಿ ಬರೆದುಕೊಂಡಿದ್ದು 413.6. ಕೊನೆಯ ರೀಡಿಂಗ್ 426.1, ಅದು ಸರಿ ಇದೆ. ಹಾಗಾಗಿ ನಮ್ಮ ಬಳಕೆ 28.1 ಯೂನಿಟ್ ಅಲ್ಲ, 12.5.

ಎರಡು, ಎಲ್ಲ ಯೂನಿಟ್ಟಿಗೂ ಕೊನೆಯ ಸ್ಲ್ಯಾಬಿನ ದರ ಹಾಕಿದ್ದೀರಿ. ಕಟ್ಟಡಕ್ಕೆ ಬಂದ ಬಿಲ್ ಮೂರು ಸ್ಲ್ಯಾಬುಗಳಲ್ಲಿದೆ. ಬಿಲ್ಲಿನ ಮೊತ್ತವನ್ನು ಒಟ್ಟು 140 ಯೂನಿಟ್ಟಿನಿಂದ ಭಾಗಿಸಿದರೆ ಬರುವ ಸರಾಸರಿ ದರವೇ ಎಲ್ಲ ಮನೆಗೂ ಸರಿ ಅಲ್ಲವೇ?

ಕೀಲಿ ಕೊಟ್ಟ ದಿನದ ಚೀಟಿ ಮತ್ತು ಲೆಕ್ಕ ಲಗತ್ತಿಸಿದ್ದೇನೆ. ತಕರಾರಿಲ್ಲದ ಮೊತ್ತವನ್ನು ಇವತ್ತೇ ಕೊಡುತ್ತಿದ್ದೇನೆ. ನನ್ನ ಲೆಕ್ಕದಲ್ಲೇ ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ಳುತ್ತೇನೆ."

ಇಷ್ಟೇ. ಚೀಟಿಯಲ್ಲಿ ಅವರ ಸಹಿ ಇದ್ದಿದ್ದರಿಂದ ಬಚಾವಾದೆ. ಮೀಟರಿನ ಫೋಟೋ ತೆಗೆದಿದ್ದೆ ನಿಜ, ಆದರೆ ಗಾಜಿನ ಮೇಲೆ ಬೆಳಕು ಬಿದ್ದು ಕೊನೆಯ ಎರಡು ಅಂಕಿ ಕಾಣುತ್ತಲೇ ಇರಲಿಲ್ಲ. ಹಣ ಕೈಗೆ ಬರಲಿಲ್ಲ, ಮುಂದಿನ ಮೂರು ಬಿಲ್ಲುಗಳಲ್ಲಿ ಹೊಂದಿಸಿಕೊಂಡರು. ಇನ್ನೂ ಬೇಜಾರಿದೆ.

ಹಳೇ ಬಾಡಿಗೆದಾರ: ಪತ್ರ ಗಿತ್ರ ಏನೂ ಬೇಡ. ನಾನು ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಗೋಡೆಗೆ ಒಂದು ಮೊಳೆ ಸಹ ಹೊಡೆದಿರಲಿಲ್ಲ. ಆರು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ.

ಎರಡನೇ ಮಹಡಿಯವಳು: ಸಾರ್, ಇಲ್ಲಿ ವಿಷಯ ನೀರು.

ಹಳೇ ಬಾಡಿಗೆದಾರ: ಮಾಲೀಕರೆಲ್ಲ ಒಂದೇ ಮೇಡಂ, ಅದಕ್ಕೆ ಹೇಳಿದೆ.

ನಾಲ್ಕು ಮನೆ ಮಾಲೀಕ: ಒಂದೇನಾ? ನನ್ನ ಕಥೆ ಕೇಳಿ. ಕೆಳಗಿನ ಮನೆಯಲ್ಲಿ ಫ್ಲಶ್ ಟ್ಯಾಂಕಿನ ರಬ್ಬರ್ ಹೋಗಿ ಐದು ತಿಂಗಳು ನೀರು ಸೋರಿದೆ. ಬಾಡಿಗೆಯವರು ಒಂದು ಮಾತು ಹೇಳಲಿಲ್ಲ. ಸಣ್ಣಗೆ ಸೋರಿದರೆ ಮನೆಯ ಮೀಟರ್ ಓಡುವುದೇ ಇಲ್ಲ. ಆ ನೀರೆಲ್ಲ ಇಡೀ ಕಟ್ಟಡದ ದೊಡ್ಡ ಮೀಟರಿನಲ್ಲಿ ಬಂತು, ದುಡ್ಡು ನಾನು ಕಟ್ಟಿದೆ. ಕೊನೆಯ ಸ್ಲ್ಯಾಬಿನ ದರ ಹಾಕದೆ ಇನ್ನೇನು ಮಾಡಲಿ? ಕಟ್ಟಡ ಆ ಸ್ಲ್ಯಾಬಿಗೆ ಹೋಗಿದ್ದೇ ಎಲ್ಲರ ಬಳಕೆಯಿಂದ.

ಲೆಕ್ಕ ಬರೆಯುವವನು: ಹಾಗಲ್ಲ ಸಾರ್. ಮೇಡಂ ಕೊಟ್ಟ 140 ಯೂನಿಟ್ಟನ್ನೇ ತೆಗೆದುಕೊಳ್ಳಿ. ಮೊದಲ 40ಕ್ಕೆ ಒಂದು ಪಾಲು ದರ, ಮುಂದಿನ 40ಕ್ಕೆ ಎರಡು ಪಟ್ಟು, ಉಳಿದ 60ಕ್ಕೆ ಮೂರು ಪಟ್ಟು ಅಂತ ಇಟ್ಟುಕೊಳ್ಳೋಣ. ಬಿಲ್ 40, 80, 180, ಒಟ್ಟು 300 ಪಾಲು. ಎಲ್ಲ ಯೂನಿಟ್ಟಿಗೂ ಮೂರು ಪಟ್ಟು ಹಾಕಿದರೆ ನಿಮ್ಮ ಕೈಗೆ 420 ಬರುತ್ತದೆ. ಆ 120 ಎಲ್ಲಿಂದ ಬಂತು? ಸೋರಿಕೆ ಬಿಲ್ಲಿನ ಒಳಗೇ ಇದೆ, ಅದಕ್ಕೆ ಬೇರೆ ದರ ಬೇಕಿಲ್ಲ. ಎಲ್ಲ ಮನೆಗಳ ಮೊತ್ತ ಕೂಡಿದರೆ ಬಿಲ್ಲಿನಷ್ಟೇ ಬರಬೇಕು. ಜಾಸ್ತಿ ಬಂದರೆ ದರ ತಪ್ಪು. ನಾನು ಹತ್ತು ವರ್ಷ ಒಂದು ಕಟ್ಟಡದ ಲೆಕ್ಕ ಬರೆದವನು, ಮೊದಲು ನೋಡುವುದೇ ಇದನ್ನು.

ನಾಲ್ಕು ಮನೆ ಮಾಲೀಕ: ಹತ್ತು ವರ್ಷ ಬರೆದಿದ್ದೀರಿ, ಒಂದು ಸಲವಾದರೂ ಕೈಯಿಂದ ಕಟ್ಟಿದ್ದೀರಾ?

ಲೆಕ್ಕ ಬರೆಯುವವನು: ಕಟ್ಟಿದ್ದೇನೆ. ನನ್ನ ತಪ್ಪಿಗೇ ಕಟ್ಟಿದ್ದೇನೆ. ದೊಡ್ಡ ಮೀಟರನ್ನು ಬಿಲ್ಲಿನವರು ಬಂದ ದಿನ ಓದುತ್ತಿದ್ದರು, ಮನೆ ಮೀಟರುಗಳನ್ನು ನಾನು ಬಿಡುವಿದ್ದಾಗ ಓದುತ್ತಿದ್ದೆ. ಒಮ್ಮೆ ನಾನು ಏಳು ದಿನ ಮೊದಲೇ ಓದಿಬಿಟ್ಟೆ. ಆ ಏಳು ದಿನದ ನೀರು ದೊಡ್ಡ ಮೀಟರಿನಲ್ಲಿ ಮಾತ್ರ ಇತ್ತು. ವ್ಯತ್ಯಾಸ ನೋಡಿ ಸೋರಿಕೆ ಅಂತ ಹೆದರಿ ಸಂಪಿನ ಪೈಪ್ ಅಗೆಸಿದೆ. ಒಣ ಮಣ್ಣು. ಅಗೆದು ಮುಚ್ಚಿದ ಕೂಲಿ ನನ್ನ ಜೇಬಿನಿಂದ ಹೋಯಿತು. ಕೇಳಿದವರು ತಮ್ಮ ಮೂರನೇ ತಪ್ಪನ್ನು ಬರೆಯುವ ಮುಂಚೆ ಎರಡೂ ರೀಡಿಂಗ್ ಒಂದೇ ದಿನದ್ದಾ ನೋಡಲಿ.

ಸುಮ್ನೆ ಒಂದು ಮಾತು: ಮೀಟರಿನಲ್ಲಿ ಚುಕ್ಕೆಯ ನಂತರದ ಕೆಂಪು ಅಂಕಿ ಲೆಕ್ಕಕ್ಕೇ ಇಲ್ಲ, ಮೇಡಂ 413.6 ಅಂತ ಬರೆದಿದ್ದೇ ತಪ್ಪು. ಕಪ್ಪು ಮಾತ್ರ ಬರೆಯಬೇಕು.

ಲೆಕ್ಕ ಬರೆಯುವವನು: ಬರೆದರೂ ಸರಿ, ಬಿಟ್ಟರೂ ಸರಿ, ಎರಡೂ ತುದಿಯಲ್ಲಿ ಒಂದೇ ರೀತಿ ಇರಬೇಕು ಅಷ್ಟೇ. ಬಿಟ್ಟರೆ ಒಂದು ಯೂನಿಟ್ಟಿನೊಳಗಿನ ಏರುಪೇರು, ಮುಂದಿನ ಬಿಲ್ಲಿನಲ್ಲಿ ಸರಿಹೋಗುತ್ತದೆ. ಒಂದು ಕಡೆ ಚುಕ್ಕೆ ಬಿಟ್ಟು 4136 ಅಂತ ಬರೆದಾಗ ಮಾತ್ರ ರಾದ್ಧಾಂತ.

ಐದು ಜನರ ಮನೆ: ಮೀಟರೇ ಇಲ್ಲದ ನಮ್ಮಂಥವರು ಏನು ಮಾಡಬೇಕು? ನಮ್ಮಲ್ಲಿ ತಲೆಗೆ ಇಷ್ಟು ಅಂತ ಹಂಚುತ್ತಾರೆ. ಮಗು ಹುಟ್ಟಿದ ತಿಂಗಳಿಂದಲೇ ಒಂದು ತಲೆ ಜಾಸ್ತಿ. ಪಕ್ಕದ ಮನೆಗೆ ವಾರಕ್ಕೆ ನಾಲ್ಕು ದಿನ ನೆಂಟರು, ಅವರದು ಮಾತ್ರ ಎರಡೇ ತಲೆ.

ನಾಲ್ಕು ಮನೆ ಮಾಲೀಕ: ಮಗುವಿನ ಬಟ್ಟೆ ಒಗೆಯಲು ನೀರು ಬೇಡವೇನಮ್ಮ?

ಐದು ಜನರ ಮನೆ: ನಿಮ್ಮನ್ನು ಕೇಳಿರಲಿಲ್ಲ.

ಎರಡನೇ ಮಹಡಿಯವಳು: ಜಗಳ ಆಮೇಲೆ ಆಡಿ. ಒಂದು ಮಾತು ಬಿಟ್ಟಿದ್ದೆ. ನಮ್ಮಲ್ಲಿ ಮನೆ ಮೀಟರುಗಳ ಮೊತ್ತ 122, ಉಳಿದ 18 ಸಾಮಾನ್ಯ ಬಳಕೆ. ಎಂಟು ಮನೆಗೆ 2.25ರಂತೆ ಹಂಚಿದ್ದರು. ನಾನಿದ್ದಿದ್ದು 61 ದಿನದಲ್ಲಿ 30 ದಿನ, ಹಾಗಾಗಿ ನನ್ನ ಪಾಲು 1.1 ಮಾತ್ರ. ಮೇಂಟೆನೆನ್ಸ್ ಹಾಳೆಯಲ್ಲಿ 'ಮೆಟ್ಟಿಲು ತೊಳೆಯುವ ನೀರು' ಅಂತ ಮತ್ತೊಂದು ಸಾಲು ಬೇರೆ. ಒಂದೇ ನೀರಿಗೆ ಎರಡು ಸಲ ಅಲ್ವಾ? ಅದನ್ನು ಬೇರೆ ಪತ್ರದಲ್ಲಿ ಕೇಳಿದೆ, ಇನ್ನೂ ಉತ್ತರ ಬಂದಿಲ್ಲ.

ಲೆಕ್ಕ ಬರೆಯುವವನು: ಎರಡು ಸಲ ಅಂತ ಈಗಲೇ ಹೇಳಲಾಗದು. ಮೆಟ್ಟಿಲಿಗೆ ಹೊರಗಿನ ಟ್ಯಾಂಕರ್ ನೀರು ಬಳಸಿದರೆ ಅದು ಬೇರೆ ಖರ್ಚೇ. ಟ್ಯಾಂಕರಿನ ರಸೀದಿ ಕೇಳಿ.

ನಾಲ್ಕು ಮನೆ ಮಾಲೀಕ: ರಸೀದಿ ಕೇಳಿ, ರಸೀದಿ ಕೇಳಿ. ನಂಬಿಕೆ ಅನ್ನೋದೇ ಇಲ್ಲ.

ಹಳೇ ಬಾಡಿಗೆದಾರ: ನನ್ನ ಪೇಂಟಿಂಗಿಗೂ ರಸೀದಿ ಇರಲಿಲ್ಲ ಸಾರ್.

ಕೇಳಿದವರು: ಈಗ ಕೆಳಗೆ ಹೋಗಿ ನೋಡಿಕೊಂಡು ಬಂದೆ. ದೊಡ್ಡ ಮೀಟರ್ ಓದಿದ್ದು 30ಕ್ಕೆ, ನಮ್ಮ ಮನೆಗಳದ್ದು 24ಕ್ಕೆ. ಮೂರನೇ ತಪ್ಪನ್ನು ಪತ್ರದಿಂದ ತೆಗೆದೆ. ಮುಂದಿನ ಸಲ ಎರಡನ್ನೂ ಒಂದೇ ದಿನ ಓದೋಣ, ನಾನೂ ಜೊತೆಗೆ ಬರುತ್ತೇನೆ ಅಂತ ಒಂದು ಸಾಲು ಸೇರಿಸಿದ್ದೇನೆ. ನಾನು ಬಂದ ದಿನದ ರೀಡಿಂಗ್ ಮಾತ್ರ ಯಾರೂ ಬರೆದಿಟ್ಟಿಲ್ಲ. ಅದಕ್ಕೇನು ಮಾಡಲಿ?