ಆರ್-ಎಲಿಮಿನೇಷನ್ ಸಾಲು ಕೆಂಪಾಗೇ ಇದೆ, ಎರಡೂ ಕೇಸ್ ಮುಗಿಸಿದ್ದೀನಲ್ಲ?

ಕಡಲೆಪುರಿ: ನ್ಯಾಚುರಲ್ ಡಿಡಕ್ಷನ್ ಹಿಡಿದು ಎರಡು ವಾರ ಆಯ್ತು. P ∧ (Q ∨ R) ಕೊಟ್ಟು (P ∧ Q) ∨ (P ∧ R) ಸಾಧಿಸಿ ಅಂತ ಲೆಕ್ಕ. ಪ್ರೂಫ್ ಚೆಕ್ಕರ್ 8ನೇ ಸಾಲನ್ನ ಒಪ್ತಾನೇ ಇಲ್ಲ.

```
1  P ∧ (Q ∨ R)          ದತ್ತ
2  P                    ∧E 1
3  Q ∨ R                ∧E 1
4  | Q                  ಊಹೆ
5  | P ∧ Q              ∧I 2,4
6  | R                  ಊಹೆ
7  | P ∧ R              ∧I 2,6
8  (P ∧ Q) ∨ (P ∧ R)    ∨E 3, 4-5, 6-7
```

Q ಆದ್ರೆ P ∧ Q ಬರುತ್ತೆ, R ಆದ್ರೆ P ∧ R. ಅಂದ್ಮೇಲೆ ಎರಡರಲ್ಲೊಂದು ನಿಜ ತಾನೆ? ತಪ್ಪು ಎಲ್ಲಿ?

ಸೊನ್ನೆಒಂದು: ಟ್ರೂತ್ ಟೇಬಲ್ ಬರೆದು ನೋಡಿದೆ, ಎಂಟು ಸಾಲಲ್ಲೂ ಸರಿಯಾಗೇ ಬರುತ್ತೆ. ಚೆಕ್ಕರ್‌ದೇ ತೊಂದರೆ ಇರ್ಬೇಕು.

ಕಡಲೆಪುರಿ: ಉತ್ತರ ನಿಜ ಅಂತ ನನಗೂ ಗೊತ್ತು ಸರ್. ಆ ಸಾಲನ್ನ ಯಾಕೆ ಒಪ್ಪಲ್ಲ ಅನ್ನೋದು ನನ್ನ ಪ್ರಶ್ನೆ.

ತುಂತುರು: ನೀವು ಪೆಟ್ಟಿಗೆಯ ಗಡಿ ದಾಟಿದ್ದೀರಿ. 2ನೇ ಸಾಲಿನ P ಹೊರಗಡೆ ಇದೆ, ಅದನ್ನ 5ರಲ್ಲಿ ಒಳಗೆ ಬಳಸಿದ್ದೀರಿ. ಪ್ರತಿ ಪೆಟ್ಟಿಗೆಯೊಳಗೂ P ಹೊಸದಾಗಿ ಊಹಿಸ್ಬೇಕು.

ಹಳೇಮೇಷ್ಟ್ರು: ತುಂತುರು ಅವರೇ, ಗಡಿ ಇರೋದು ನಿಜ, ಆದರೆ ಅದು ಒಂದೇ ದಿಕ್ಕಿನದು. ಹೊರಗಿನದನ್ನ ಒಳಗೆ ತರಬಹುದು, ಒಳಗಿನದನ್ನ ಹೊರಗೆ ಒಯ್ಯೋ ಹಾಗಿಲ್ಲ. 4ನೇ ಸಾಲಿನ Qವನ್ನ 7ರಲ್ಲಿ ಬಳಸಿದ್ದರೆ ತಪ್ಪಾಗ್ತಿತ್ತು, ಯಾಕಂದ್ರೆ ಅಷ್ಟೊತ್ತಿಗೆ ಮೊದಲ ಪೆಟ್ಟಿಗೆ ಮುಚ್ಚಿರುತ್ತೆ. 5ರಲ್ಲಿ ಏನೂ ದೋಷ ಇಲ್ಲ. P ಇನ್ನೊಮ್ಮೆ ಊಹಿಸಿದರೆ ಅದನ್ನ ಇಳಿಸೋಕೆ ಇನ್ನೊಂದು ನಿಯಮ ಹುಡುಕಬೇಕಾಗುತ್ತೆ.

ಕಡಲೆಪುರಿ, ನಿಮ್ಮ 5 ಮತ್ತು 7ನೇ ಸಾಲು ಅಕ್ಕಪಕ್ಕ ಇಟ್ಟು ನೋಡಿ. ಎರಡು ಪೆಟ್ಟಿಗೆ ಎರಡು ಬೇರೆ ಸೂತ್ರದಲ್ಲಿ ಮುಗಿದಿವೆ. ∨E ಕೇಳೋದು ಅಕ್ಷರಕ್ಕಕ್ಷರ ಒಂದೇ ಸೂತ್ರ. ಗೆಂಟ್ಸೆನ್ 1935ರಲ್ಲಿ ಇದನ್ನ ಪೆಟ್ಟಿಗೆ ಇಲ್ಲದೆ ಮರದ ಆಕಾರದಲ್ಲಿ ಬರೆದಾಗಲೂ ಎರಡು ಕೊಂಬೆಯ ಬುಡದಲ್ಲಿ ಅದೇ ಒಂದು ಸೂತ್ರ ಇತ್ತು. ಪೆಟ್ಟಿಗೆ ಮುಚ್ಚಿದ ಮೇಲೆ Q ನಿಜವೋ R ನಿಜವೋ ನಮಗೆ ತಿಳಿಯದು. ಹಾಗಾಗಿ ಯಾವುದಾದರೂ ಸರಿ, ಎರಡಕ್ಕೂ ಸಲ್ಲುವ ಮಾತು ಮಾತ್ರ ಹೊರಗೆ ಬರಬಹುದು. ಮೈಸೂರಿಗೆ ಬಸ್ಸಲ್ಲಿ ಹೋದೆಯೋ ರೈಲಲ್ಲಿ ಹೋದೆಯೋ ಗೊತ್ತಿಲ್ಲದಿದ್ದರೂ ಮೈಸೂರು ಸೇರಿದೆ ಅನ್ನಬಹುದಲ್ಲ, ಹಾಗೆ.

ನೀವು 8ರಲ್ಲಿ ಮಾಡಿದ್ದು ಎರಡು ಹೆಜ್ಜೆ: ∨I ಮತ್ತು ∨E. ∨I ಅನ್ನ ಒಳಕ್ಕೆ ತಳ್ಳಿ:

```
4  | Q                    ಊಹೆ
5  | P ∧ Q                ∧I 2,4
6  | (P ∧ Q) ∨ (P ∧ R)    ∨I 5
7  | R                    ಊಹೆ
8  | P ∧ R                ∧I 2,7
9  | (P ∧ Q) ∨ (P ∧ R)    ∨I 8
10 (P ∧ Q) ∨ (P ∧ R)      ∨E 3, 4-6, 7-9
```

ಕಡಲೆಪುರಿ: ಹಸಿರಾಯ್ತು! ಆದ್ರೆ 6 ಮತ್ತು 9 ಎರಡು ಸಲ ಬರೆಯೋದು ದಂಡ ಅನಿಸ್ತಿದೆ. ಗುರಿಯೇ ‘ಅಥವಾ’ ಆಗಿರೋದ್ರಿಂದ ಮೊದಲು ಒಂದು ಬದಿ ಆರಿಸ್ಕೊಂಡು, ಹೊರಗೇ ಒಮ್ಮೆ ∨I ಮಾಡಿದ್ರೆ ಆಗಲ್ವಾ?

ಹಳೇಮೇಷ್ಟ್ರು: ಆಗಲ್ಲ. ಹೊರಗೆ ∨I ಮಾಡ್ಬೇಕಾದ್ರೆ P ∧ Q ಅಥವಾ P ∧ R, ಎರಡರಲ್ಲೊಂದು ಹೊರಗೇ ಕೈಯಲ್ಲಿರಬೇಕು. P ನಿಜ, Q ಸುಳ್ಳು, R ನಿಜ ಅಂತಿಟ್ಟರೆ ದತ್ತ ನಿಜ, P ∧ Q ಸುಳ್ಳು. ಇನ್ನೊಂದು ಬದಿಗೂ ಹೀಗೇ. ಹಾಗಾಗಿ ದತ್ತದಲ್ಲಿ ‘ಅಥವಾ’ ಕಂಡರೆ ಮೊದಲು ಅದನ್ನ ಒಡೆಯಿರಿ, ಬದಿ ಆರಿಸೋದು ಆಮೇಲೆ.

ನಡುರಾತ್ರಿ: ನಂದು ಇದೇ ಜಾತಿಯ ಗೋಳು. P ∨ Q, ¬P ಇಂದ Q ಬೇಕು. P ಕೇಸಲ್ಲಿ Q ಎಲ್ಲಿಂದ ತರಲಿ? ಆ ಕೇಸ್ ಬರೋದೇ ಇಲ್ಲವಲ್ಲ, ಬಿಟ್ಟುಬಿಟ್ಟೆ. ಚೆಕ್ಕರ್ ಬೈತು.

ಹಳೇಮೇಷ್ಟ್ರು: ಬರಲ್ಲ ಅನ್ನೋದನ್ನೂ ಬರೆದೇ ತೋರಿಸ್ಬೇಕು. ಅಲ್ಲಿ ವಿರೋಧಾಭಾಸ ಸಿಗುತ್ತೆ, ಅದರಿಂದ ಬೇಕಾದ್ದು ಬರುತ್ತೆ. ನಮಗೆ ಬೇಕಾದ್ದು Q.

```
1  P ∨ Q      ದತ್ತ
2  ¬P         ದತ್ತ
3  | P        ಊಹೆ
4  | ⊥        ¬E 2,3
5  | Q        ⊥E 4
6  | Q        ಊಹೆ
7  Q          ∨E 1, 3-5, 6-6
```

ನಡುರಾತ್ರಿ: 3ರಿಂದ 5 ಹಸಿರು. 6-6 ಕೊಟ್ಟರೆ ಕೆಂಪು.

ತುಂತುರು: ಒಂದೇ ಸಾಲಿನ ಪೆಟ್ಟಿಗೆಯನ್ನ ಕೆಲವು ಚೆಕ್ಕರ್ ಒಪ್ಪಲ್ಲ. ಒಳಗೇ Q ಅನ್ನ ಇನ್ನೊಂದು ಸಾಲಲ್ಲಿ R 6 ಅಂತ ನಕಲು ಮಾಡಿ, ಆಮೇಲೆ 6-7 ಕೊಡಿ. ನನಗೆ ಕೆಲಸ ಮಾಡಿತ್ತು.

ಹಳೇಮೇಷ್ಟ್ರು: ಇದು ಸರಿಯಾದ ಸಲಹೆ. ನನ್ನ ಲೆಕ್ಕಕ್ಕೆ ನಕಲು ಅನಗತ್ಯ, ಊಹೆಯೇ ತೀರ್ಮಾನ ಆಗಬಹುದು. ಆದರೆ ಚೆಕ್ಕರ್ ಜೊತೆ ಜಗಳ ಆಡೋಕಾಗುತ್ತಾ.

ನಡುರಾತ್ರಿ: ನಕಲು ಸಾಲಿಗೆ ‘R’ ಒತ್ತಿದ್ರೆ ನಮ್ಮ ಚೆಕ್ಕರ್ ಅದನ್ನ ವಾಕ್ಯದ ಹೆಸರು ಅಂದ್ಕೋತಿದೆ. ನಿಮ್ಮದರಲ್ಲಿ ನಿಯಮಕ್ಕೆ ಏನು ಟೈಪ್ ಮಾಡ್ತೀರಿ?